ಐಬಿಪಿಎಸ್ ಕ್ಲರ್ಕ್ ಪ್ರಿಲಿಮ್ಸ್: ಗಣಿತ ಮತ್ತು ರೀಸನಿಂಗ್‌ನ ತಲಾ 20 ನಿಮಿಷಗಳನ್ನು ಹೇಗೆ ಹಂಚಿಕೊಳ್ಳಬೇಕು?

ರಾಣೆಬೆನ್ನೂರು ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಮುಗಿಸಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದುತ್ತಿದ್ದೇನೆ. ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ 30, ಗಣಿತ 35, ರೀಸನಿಂಗ್ 35, ಹೀಗೆ ಒಟ್ಟು 100 ಪ್ರಶ್ನೆಗಳಿದ್ದು, ಪ್ರತಿ ವಿಭಾಗಕ್ಕೂ ಪ್ರತ್ಯೇಕವಾಗಿ 20 ನಿಮಿಷ ಕೊಡುತ್ತಾರೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಇಂಗ್ಲಿಷ್‌ನಲ್ಲಿ ನನಗೆ ಹೇಳಿಕೊಳ್ಳುವಂತಹ ತೊಂದರೆಯಿಲ್ಲ. ಉಳಿದ ಎರಡರಲ್ಲಿ ಸಮಯ ಸಾಲುತ್ತಿಲ್ಲ. ಮನೆಯಲ್ಲಿ ಕುಳಿತು ಗಡಿಯಾರ ನೋಡದೆ ಬಿಡಿಸಿದರೆ ಬಹುತೇಕ ಎಲ್ಲ ಲೆಕ್ಕಗಳೂ ಸರಿಯಾಗುತ್ತವೆ, ಆದರೆ ಮಾಕ್ ಟೆಸ್ಟ್‌ನಲ್ಲಿ ಅರ್ಧ ದಾಟುವುದೇ ಕಷ್ಟವಾಗುತ್ತಿದೆ.

ಮೊನ್ನೆಯ ಮಾಕ್‌ನಲ್ಲಿ ಗಣಿತದ 19 ಪ್ರಶ್ನೆ ಅಟೆಂಪ್ಟ್ ಮಾಡಿದೆ, 14 ಸರಿ, 5 ತಪ್ಪು. ತಪ್ಪಿಗೆ ಕಾಲು ಅಂಕದಂತೆ ಕಳೆದು 12.75 ಬಂತು. ರೀಸನಿಂಗ್‌ನಲ್ಲಿ 21 ಮಾಡಿ 19 ಸರಿಯಾಯಿತು, 18.5 ಬಂತು. ಇನ್ನೂ ಹೆಚ್ಚು ಶಾರ್ಟ್‌ಕಟ್‌ಗಳನ್ನು ಕಲಿಯಬೇಕೋ ಅಥವಾ ಪ್ರಶ್ನೆ ಬಿಡಿಸುವ ಕ್ರಮವನ್ನೇ ಬದಲಿಸಬೇಕೋ, ತಿಳಿದವರು ಹೇಳಿ.

ಕೋಚಿಂಗ್ ಗೆಳೆಯ, ವಿಜಯಪುರ

ಕ್ರಮದ ಯೋಚನೆ ಬೇಡ, ವೇಗದ ಕಡೆ ಗಮನ ಕೊಡಿ. 30ರವರೆಗೆ ಮಗ್ಗಿ, 50ರವರೆಗೆ ವರ್ಗ, 25ರವರೆಗೆ ಘನ, ಇವಿಷ್ಟು ನಾಲಿಗೆಯ ತುದಿಯಲ್ಲಿದ್ದರೆ ಗಣಿತ ತಾನಾಗಿಯೇ ಮುಗಿಯುತ್ತದೆ. ಸಿಂಪ್ಲಿಫಿಕೇಶನ್‌ಗೆ ಪೂರ್ತಿ ಗುಣಾಕಾರ ಮಾಡುವ ಅಗತ್ಯವೇ ಇಲ್ಲ, ಕೊನೆಯ ಅಂಕಿ ನೋಡಿ ಉತ್ತರ ಗುರುತಿಸಬಹುದು. ಇನ್ನೊಂದು ವಿಷಯ: ಮೂರೂ ವಿಭಾಗಗಳ ಸುಲಭ ಪ್ರಶ್ನೆಗಳನ್ನು ಮೊದಲು ಮುಗಿಸಿ, ಕಷ್ಟದವುಗಳಿಗೆ ಆಮೇಲೆ ಬನ್ನಿ.

ಮಂಡ್ಯದ ಗುಮಾಸ್ತೆ

ಕೊನೆಯ ಸಲಹೆ ಈ ಪರೀಕ್ಷೆಗೆ ಹೊಂದುವುದಿಲ್ಲ ಸರ್. ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಒಂದು ವಿಭಾಗದ 20 ನಿಮಿಷ ಮುಗಿಯುವವರೆಗೆ ಮುಂದಿನ ವಿಭಾಗ ತೆರೆಯುವುದಿಲ್ಲ, ಮುಗಿದ ವಿಭಾಗಕ್ಕೆ ಮರಳಿ ಹೋಗಲೂ ಆಗುವುದಿಲ್ಲ. ನೀವು ಹೇಳುವ ಕ್ರಮ ಗ್ರಾಮೀಣ ಬ್ಯಾಂಕ್‌ಗಳ ಆಫೀಸ್ ಅಸಿಸ್ಟೆಂಟ್ ಪ್ರಿಲಿಮ್ಸ್‌ಗೆ ಸರಿಯಾಗಿತ್ತು. ಅಲ್ಲಿ ರೀಸನಿಂಗ್ 40, ಗಣಿತ 40, ಎರಡಕ್ಕೂ ಸೇರಿ 45 ನಿಮಿಷ ಎಂಬ ಲೆಕ್ಕವಿತ್ತು. ರೀಸನಿಂಗ್ ಬೇಗ ಮುಗಿಸಿದವರು ಉಳಿದ ಸಮಯವನ್ನು ಗಣಿತಕ್ಕೆ ಕೊಡಬಹುದಿತ್ತು. ಇಲ್ಲಿ ಆ ಅನುಕೂಲವಿಲ್ಲ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯಲ್ಲಿ ವಿಭಾಗವಾರು ಸಮಯವನ್ನು ಒಮ್ಮೆ ನೋಡಿಕೊಳ್ಳಿ, ಏಕೆಂದರೆ ಮಾದರಿ ಆಗಾಗ ಬದಲಾಗುತ್ತದೆ.

ಕೋಚಿಂಗ್ ಗೆಳೆಯ, ವಿಜಯಪುರ

ಸರಿ, ಅದನ್ನು ಒಪ್ಪುತ್ತೇನೆ. ಕೊನೆಯ ಅಂಕಿಯ ವಿಧಾನದ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗುವುದಿಲ್ಲ.

ಧಾರವಾಡದ ಗಣಿತ ಶಿಕ್ಷಕಿ

ಆ ವಿಧಾನ ಕೆಲವು ಪ್ರಶ್ನೆಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ, ಆದ್ದರಿಂದ ಅದನ್ನೇ ನೆಚ್ಚಿಕೊಳ್ಳುವುದು ಅಪಾಯಕಾರಿ. ಒಂದು ಉದಾಹರಣೆ ನೋಡಿ. `17 × 24 + 640 ರ 15% − 13²` ಎಷ್ಟು? ಆಯ್ಕೆಗಳು 305, 325, 335, 345, 355 ಎಂದು ಇಟ್ಟುಕೊಳ್ಳಿ. ಐದೂ ಆಯ್ಕೆಗಳು 5ರಲ್ಲೇ ಕೊನೆಯಾಗುವುದರಿಂದ ಕೊನೆಯ ಅಂಕಿ ಏನನ್ನೂ ಹೇಳುವುದಿಲ್ಲ. ಪ್ರಶ್ನೆ ರೂಪಿಸುವವರು ಬೇಕೆಂದೇ ಹೀಗೆ ಆಯ್ಕೆಗಳನ್ನು ಕೊಡುತ್ತಾರೆ. ಇಂತಹ ಕಡೆ ನೇರವಾಗಿ ಬಿಡಿಸುವುದೇ ಬೇಗ: 17ನ್ನು 24ರಿಂದ ಗುಣಿಸಿದರೆ 408. 640ರ ಶೇ. 10 ಎಂದರೆ 64, ಅದರ ಅರ್ಧ 32, ಒಟ್ಟು 96. 13ರ ವರ್ಗ 169. 408ಕ್ಕೆ 96 ಸೇರಿಸಿದರೆ 504, ಅದರಲ್ಲಿ 169 ಕಳೆದರೆ 335. ಮೂರು ಸಣ್ಣ ಹೆಜ್ಜೆಗಳು, ಹಾಳೆಯ ಮೇಲೆ ಬರೆಯಬೇಕಾದದ್ದು 504 ಒಂದೇ.

ಮಗ್ಗಿಗಿಂತ ಹೆಚ್ಚು ಸಮಯ ಉಳಿಸುವುದು ಶೇಕಡಾವಾರನ್ನು ಭಿನ್ನರಾಶಿಯಾಗಿ ಕಾಣುವ ಅಭ್ಯಾಸ. 648ರ ಶೇ. 37.5 ಎಂದಾಗ 3/8 ಎಂದು ಹೊಳೆದರೆ 81ರ ಮೂರು ಪಟ್ಟು, 243, ಎಂದು ಮನಸ್ಸಿನಲ್ಲೇ ಉತ್ತರ ಬರುತ್ತದೆ. ಹೊಳೆಯದಿದ್ದರೆ 37.5ರಿಂದ ಗುಣಿಸುತ್ತಾ ಒಂದು ನಿಮಿಷ ಕಳೆಯುತ್ತೀರಿ. ಪ್ರಶ್ನೆಯಲ್ಲಿ 47.98 × 12.03 ಎಂಬಂತಹ ಸಂಖ್ಯೆಗಳಿದ್ದು ಅಂದಾಜು ಬೆಲೆ ಕೇಳಿದ್ದರೆ, ಮೊದಲು 48 × 12 ಎಂದು ಬದಲಿಸಿಕೊಂಡು ನಂತರವೇ ಪೆನ್ನು ಎತ್ತಿ. ಅಂದಾಜಿನ ಪ್ರಶ್ನೆಯನ್ನು ದಶಮಾಂಶಗಳ ಸಮೇತ ಬಿಡಿಸುವ ವಿದ್ಯಾರ್ಥಿಗಳನ್ನು ಇಂದಿಗೂ ತರಗತಿಯಲ್ಲಿ ನೋಡುತ್ತೇನೆ.

ಮಂಡ್ಯದ ಗುಮಾಸ್ತೆ

ಮೇಡಂ ಹೇಳಿದ್ದು ಸರಿ. ಆದರೆ ರಾಣೆಬೆನ್ನೂರಿನವರ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಒಂದು ಮಾಹಿತಿ ಬೇಕು. ಆ 20 ನಿಮಿಷಗಳು ಯಾವ ಬಗೆಯ ಪ್ರಶ್ನೆಗಳಿಗೆ ಎಷ್ಟೆಷ್ಟು ಖರ್ಚಾದವು? ಬಹುತೇಕ ಮಾಕ್‌ಗಳಲ್ಲಿ ಫಲಿತಾಂಶದ ಜೊತೆ ಪ್ರತಿ ಪ್ರಶ್ನೆಗೆ ಹಿಡಿದ ಸೆಕೆಂಡುಗಳನ್ನು ಕೊಟ್ಟಿರುತ್ತಾರೆ. ಅದನ್ನು ಬಗೆವಾರು ಕೂಡಿಸಿ ಇಲ್ಲಿ ಹಾಕಿ. ಒಟ್ಟು ಅಂಕ ನೋಡಿದರೆ ಕಾಯಿಲೆ ಇದೆ ಎಂದು ಮಾತ್ರ ತಿಳಿಯುತ್ತದೆ, ಎಲ್ಲಿದೆ ಎಂದು ತಿಳಿಯುವುದಿಲ್ಲ.

ಹೊಸಪೇಟೆ ನಿವಾಸಿ

ಪಿಡಿಒ ಪರೀಕ್ಷೆಗೂ ಇದೇ ರೀತಿ 20 ನಿಮಿಷದ ಲೆಕ್ಕ ಇದೆಯೇ? ನಾನು ಅದಕ್ಕೆ ತಯಾರಿ ನಡೆಸುತ್ತಿದ್ದೇನೆ.

ಧಾರವಾಡದ ಗಣಿತ ಶಿಕ್ಷಕಿ

ಇಲ್ಲ. ಅದು ಓಎಂಆರ್ ಹಾಳೆಯ ಪರೀಕ್ಷೆ, ವಿಭಾಗಕ್ಕೊಂದು ಗಡಿಯಾರ ಇರುವುದಿಲ್ಲ, ಪತ್ರಿಕೆಯಲ್ಲಿ ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಹುದು. ಅಲ್ಲಿ ವೃತ್ತ ತುಂಬುವುದಕ್ಕೂ ಸಮಯ ಹಿಡಿಯುತ್ತದೆ ಎಂಬುದನ್ನು ಮಾತ್ರ ಮರೆಯಬೇಡಿ. ದಯವಿಟ್ಟು ಬೇರೆ ವಿಷಯಕ್ಕೆ ಪ್ರತ್ಯೇಕ ಚರ್ಚೆ ಆರಂಭಿಸಿದರೆ ಎಲ್ಲರಿಗೂ ಅನುಕೂಲ.

ರಾಣೆಬೆನ್ನೂರು ಹುಡುಗ

ಕೂಡಿಸಿ ನೋಡಿದೆ. ಗಣಿತ ಹೀಗಿದೆ: ಸಿಂಪ್ಲಿಫಿಕೇಶನ್‌ನ 10 ಪ್ರಶ್ನೆಗಳಿಗೆ 7 ನಿಮಿಷ, ಹತ್ತನ್ನೂ ಮಾಡಿದ್ದೇನೆ, 9 ಸರಿ. ಡೇಟಾ ಇಂಟರ್‌ಪ್ರಿಟೇಶನ್‌ನ 5 ಪ್ರಶ್ನೆಗಳಿಗೆ 5 ನಿಮಿಷ, 4 ಮಾಡಿ 3 ಸರಿ. ನಂಬರ್ ಸೀರೀಸ್‌ನ 5 ಪ್ರಶ್ನೆಗಳಿಗೆ 4 ನಿಮಿಷ, 3 ಮಾಡಿ 2 ಸರಿ. ಲಾಭ-ನಷ್ಟ, ದೋಣಿ-ಪ್ರವಾಹ, ಕೆಲಸ-ಸಮಯ ಮುಂತಾದ ಹೇಳಿಕೆ ಲೆಕ್ಕಗಳು 10 ಇದ್ದವು, ಅವುಗಳಿಗೆ 4 ನಿಮಿಷ ಹೋಯಿತು, 2 ಮಾಡಿದೆ, ಎರಡೂ ತಪ್ಪು. ವರ್ಗ ಸಮೀಕರಣಗಳ 5 ಪ್ರಶ್ನೆಗಳು ಕೊನೆಯಲ್ಲಿದ್ದವು, ಅಲ್ಲಿಗೆ ತಲುಪಲೇ ಇಲ್ಲ.

ರೀಸನಿಂಗ್‌ನಲ್ಲಿ ಒಂದು ಮಹಡಿ ಪಜಲ್‌ಗೆ 6 ನಿಮಿಷ ಹೋಗಿದೆ, ಅದರಿಂದ ಒಂದು ಪ್ರಶ್ನೆಗೂ ಉತ್ತರ ಬರಲಿಲ್ಲ.

ಮಂಡ್ಯದ ಗುಮಾಸ್ತೆ

ಈಗ ಸ್ಪಷ್ಟವಾಯಿತು. ಸಿಂಪ್ಲಿಫಿಕೇಶನ್‌ಗೆ ಪ್ರಶ್ನೆಯೊಂದಕ್ಕೆ 42 ಸೆಕೆಂಡು ಹಿಡಿದಿದೆ. ಅಭ್ಯಾಸದಿಂದ ಅದು 35ಕ್ಕೆ ಇಳಿಯಬಹುದು, ಉಳಿಯುವುದು ಒಂದು ನಿಮಿಷ ಮಾತ್ರ. ಆದ್ದರಿಂದ ಮಗ್ಗಿಯಿಂದಲೇ ಎಲ್ಲ ಸರಿಯಾಗುತ್ತದೆ ಎಂಬ ಮಾತು ನಿಮ್ಮ ಮಟ್ಟಿಗೆ ನಿಜವಲ್ಲ. ದೊಡ್ಡ ನಷ್ಟ ಆಗಿರುವುದು ಬೇರೆ ಕಡೆ. ಹೇಳಿಕೆ ಲೆಕ್ಕಗಳಿಗೆ 4 ನಿಮಿಷ ಕೊಟ್ಟು ಅರ್ಧ ಅಂಕ ಕಳೆದುಕೊಂಡಿದ್ದೀರಿ, ಅದೇ ಸಮಯದಲ್ಲಿ ವರ್ಗ ಸಮೀಕರಣದ ಐದು ಪ್ರಶ್ನೆಗಳು ಕಣ್ಣಿಗೇ ಬಿದ್ದಿಲ್ಲ. ಅವು ಸಾಮಾನ್ಯವಾಗಿ ಅರ್ಧ ನಿಮಿಷದ ಪ್ರಶ್ನೆಗಳು. ಪತ್ರಿಕೆಯ ಕ್ರಮವನ್ನೇ ನಿಮ್ಮ ಕ್ರಮ ಮಾಡಿಕೊಂಡದ್ದು ಇದಕ್ಕೆ ಕಾರಣ. ಬಲಗಡೆಯ ಸಂಖ್ಯೆಗಳ ಪಟ್ಟಿಯ ಮೇಲೆ ಒತ್ತಿ ನೇರವಾಗಿ ಯಾವ ಪ್ರಶ್ನೆಗೆ ಬೇಕಾದರೂ ಹೋಗಬಹುದು. ಮೊದಲ 20 ಸೆಕೆಂಡುಗಳಲ್ಲಿ 6, 11, 16, 21, 26, 31ನೇ ಪ್ರಶ್ನೆಗಳನ್ನು ಒಮ್ಮೆ ಮುಟ್ಟಿ ನೋಡಿದರೆ ಯಾವ ಗುಂಪು ಎಲ್ಲಿದೆ ಎಂದು ತಿಳಿಯುತ್ತದೆ.

ನನ್ನ ಹಂಚಿಕೆ ಹೀಗಿರುತ್ತಿತ್ತು: ಸಿಂಪ್ಲಿಫಿಕೇಶನ್‌ಗೆ 6 ನಿಮಿಷ, ವರ್ಗ ಸಮೀಕರಣಕ್ಕೆ 3, ಸೀರೀಸ್‌ಗೆ 3, ಡೇಟಾ ಇಂಟರ್‌ಪ್ರಿಟೇಶನ್‌ಗೆ 4.5, ಉಳಿದ 3.5 ನಿಮಿಷ ಹೇಳಿಕೆ ಲೆಕ್ಕಗಳಿಗೆ. ಒಂದು ಗುಂಪಿನ ಸಮಯ ಮುಗಿದಾಗ ಅದರಲ್ಲಿ ಎರಡು ಪ್ರಶ್ನೆ ಉಳಿದಿದ್ದರೂ ಎದ್ದು ಮುಂದಿನ ಗುಂಪಿಗೆ ಹೋಗುವುದು ಮುಖ್ಯ. ಪರದೆಯ ಗಡಿಯಾರ ಇಳಿಮುಖವಾಗಿ ಓಡುವುದರಿಂದ, 14:00, 11:00, 8:00, 3:30 ಎಂಬ ನಾಲ್ಕು ಗುರುತುಗಳನ್ನು ವಿಭಾಗ ಆರಂಭವಾಗುತ್ತಿದ್ದಂತೆ ರಫ್ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳುತ್ತಿದ್ದೆ.

ಶಿರಸಿ ಅಕ್ಷತಾ

ವರ್ಗ ಸಮೀಕರಣ ಅರ್ಧ ನಿಮಿಷದ್ದು ಎಂದಿರಿ. ನನಗೆ ಪ್ರತಿಯೊಂದಕ್ಕೂ ಒಂದೂವರೆ ನಿಮಿಷ ಹಿಡಿಯುತ್ತದೆ. ಎರಡೂ ಸಮೀಕರಣಗಳ ಅಪವರ್ತನ ಮಾಡಿ, ನಾಲ್ಕು ಬೆಲೆಗಳನ್ನು ಬರೆದು ಹೋಲಿಸುವಷ್ಟರಲ್ಲಿ ಸಮಯ ಹೋಗುತ್ತದೆ.

ಧಾರವಾಡದ ಗಣಿತ ಶಿಕ್ಷಕಿ

ಅಪವರ್ತನಕ್ಕೆ ಮೊದಲು ಚಿಹ್ನೆಗಳನ್ನು ನೋಡಮ್ಮ. `x² + 9x + 20 = 0` ಮತ್ತು `y² − 5y + 6 = 0` ಎಂದು ಕೊಟ್ಟಿದ್ದರೆ ಬಿಡಿಸುವ ಕೆಲಸವೇ ಇಲ್ಲ. ಮೊದಲನೆಯದರಲ್ಲಿ ಎರಡೂ ಚಿಹ್ನೆ ಧನವಾಗಿರುವುದರಿಂದ x ನ ಎರಡೂ ಬೆಲೆಗಳು ಋಣ. ಎರಡನೆಯದರಲ್ಲಿ ನಡುವಿನ ಚಿಹ್ನೆ ಋಣ, ಕೊನೆಯದು ಧನ, ಆದ್ದರಿಂದ y ನ ಎರಡೂ ಬೆಲೆಗಳು ಧನ. x ಗಿಂತ y ದೊಡ್ಡದು, ಮುಗಿಯಿತು. ಎರಡೂ ಸಮೀಕರಣಗಳ ಕೊನೆಯ ಸಂಖ್ಯೆ ಋಣವಾಗಿದ್ದರೆ ಎರಡರಲ್ಲೂ ಒಂದು ಧನ, ಒಂದು ಋಣ ಬೆಲೆ ಇರುತ್ತದೆ, ಆಗ ಸಂಬಂಧ ಹೇಳಲಾಗುವುದಿಲ್ಲ ಎಂಬುದೇ ಉತ್ತರ.

ನಿಜವಾಗಿ ಬಿಡಿಸಬೇಕಾದದ್ದು ಎರಡೂ ಕಡೆ ಒಂದೇ ಬಗೆಯ ಚಿಹ್ನೆ ಬಂದಾಗ. `x² − 7x + 12 = 0` ಮತ್ತು `y² − 9y + 20 = 0` ತೆಗೆದುಕೊಳ್ಳಿ. x ಎಂದರೆ 3 ಮತ್ತು 4, y ಎಂದರೆ 4 ಮತ್ತು 5. ಇಲ್ಲಿ 4 ಎರಡೂ ಕಡೆ ಇರುವುದರಿಂದ x < y ಎಂದು ಗುರುತಿಸಿದರೆ ತಪ್ಪು, x ≤ y ಎಂಬುದು ಸರಿ. ಅವಸರದಲ್ಲಿ ಅಂಕ ಹೋಗುವ ಜಾಗ ಇದು.

ಶಿರಸಿ ಅಕ್ಷತಾ

ತುಂಬಾ ಧನ್ಯವಾದಗಳು ಮೇಡಂ, ಚಿಹ್ನೆಯ ವಿಷಯ ಯಾರೂ ಹೀಗೆ ಹೇಳಿಕೊಟ್ಟಿರಲಿಲ್ಲ.

ಬೆಂಗಳೂರು ಟೆಸ್ಟರ್

ನಾನು ಬ್ಯಾಂಕ್ ಪರೀಕ್ಷೆ ಬರೆದವನಲ್ಲ. ಕ್ಯಾಂಪಸ್ ಆಯ್ಕೆಯಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಯ ಆನ್‌ಲೈನ್ ಪರೀಕ್ಷೆ ಬರೆದೆ. ಅದರಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟು ಮುಂದೆ ಹೋದರೆ ಹಿಂದಕ್ಕೆ ಬರುವ ದಾರಿಯೇ ಇರಲಿಲ್ಲ, ನೆಗೆಟಿವ್ ಅಂಕವೂ ಇರಲಿಲ್ಲ. ಕಷ್ಟದ ಪ್ರಶ್ನೆಯನ್ನು ಆಮೇಲೆ ನೋಡೋಣ ಎಂದು ಖಾಲಿ ಬಿಟ್ಟವರೆಲ್ಲ ತೊಂದರೆಗೆ ಸಿಕ್ಕಿದರು. ಆದ್ದರಿಂದ "ಬಿಟ್ಟು ಮುಂದೆ ಹೋಗಿ" ಎಂಬ ಸಲಹೆಯನ್ನು ಎಲ್ಲ ಕಡೆಗೂ ಅನ್ವಯಿಸಬಾರದು ಎಂದು ನನಗನ್ನಿಸುತ್ತದೆ.

ಮಂಡ್ಯದ ಗುಮಾಸ್ತೆ

ಒಪ್ಪುವ ಮಾತು. ಹಿಂದಕ್ಕೆ ಬರಲಾಗದ, ನೆಗೆಟಿವ್ ಅಂಕವಿಲ್ಲದ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೂ ಒಂದು ಗರಿಷ್ಠ ಸಮಯ ಇಟ್ಟುಕೊಂಡು, ಅದು ಮೀರಿದಾಗ ಹೆಚ್ಚು ಸಂಭವನೀಯ ಆಯ್ಕೆಯನ್ನು ಗುರುತಿಸಿಯೇ ಮುಂದೆ ಹೋಗಬೇಕು. ಯಾವುದನ್ನೂ ಖಾಲಿ ಬಿಡಬಾರದು. ಬ್ಯಾಂಕ್ ಪರೀಕ್ಷೆಯಲ್ಲಿ ಎರಡೂ ನಿಯಮ ಬೇರೆ.

ಕೋಚಿಂಗ್ ಗೆಳೆಯ, ವಿಜಯಪುರ

ಬ್ಯಾಂಕ್ ಪರೀಕ್ಷೆಯಲ್ಲಿ ಊಹೆ ಮಾಡಿದರೆ ಖಂಡಿತ ನಷ್ಟ. ಒಂದನ್ನೂ ಊಹಿಸಿ ಗುರುತಿಸಬೇಡಿ.

ಧಾರವಾಡದ ಗಣಿತ ಶಿಕ್ಷಕಿ

ಲೆಕ್ಕ ಹಾಕಿ ನೋಡಿದರೆ ಹಾಗಿಲ್ಲ. ಐದು ಆಯ್ಕೆಗಳಲ್ಲಿ ಒಂದನ್ನು ಕಣ್ಣುಮುಚ್ಚಿ ಗುರುತಿಸಿದರೆ, ಐದರಲ್ಲಿ ಒಂದು ಬಾರಿ 1 ಅಂಕ ಬರುತ್ತದೆ, ನಾಲ್ಕು ಬಾರಿ ಕಾಲು ಕಾಲು ಅಂಕದಂತೆ 1 ಅಂಕ ಹೋಗುತ್ತದೆ. ಸರಾಸರಿಯಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಒಂದು ಆಯ್ಕೆ ಖಂಡಿತ ತಪ್ಪು ಎಂದು ತಿಳಿದರೆ ಉಳಿದ ನಾಲ್ಕರಲ್ಲಿ ಊಹಿಸುವುದು ಸ್ವಲ್ಪ ಲಾಭಕರ. ಎರಡು ಆಯ್ಕೆಗಳ ನಡುವೆ ಮಾತ್ರ ಅನುಮಾನವಿದ್ದಾಗ ಖಾಲಿ ಬಿಡುವುದೇ ನಷ್ಟ: ಅರ್ಧ ಅಂಕದ ನಿರೀಕ್ಷೆಗೆ ಎದುರಾಗಿ ಹೋಗುವುದು ಒಂದು ಅಂಕದ ಎಂಟನೇ ಒಂದು ಭಾಗ ಮಾತ್ರ.

ಶಿರಸಿ ಅಕ್ಷತಾ

ಆದರೆ ಮೇಡಂ, ಪ್ರತಿ ವಿಭಾಗಕ್ಕೂ ಪ್ರತ್ಯೇಕ ಕಟ್‌ಆಫ್ ಇದೆಯಲ್ಲವೇ? ಗಣಿತದಲ್ಲಿ ಅಂಚಿನಲ್ಲಿ ನಿಂತವರು ಎಂಟು ಪ್ರಶ್ನೆ ಊಹಿಸಿ ಎಂಟೂ ತಪ್ಪಾದರೆ ಎರಡು ಅಂಕ ಹೋಗಿ ಹೊರಗೆ ಬೀಳುತ್ತಾರೆ. ಸರಾಸರಿ ಶೂನ್ಯ ಎಂಬುದು ಅವರ ಸಹಾಯಕ್ಕೆ ಬರುವುದಿಲ್ಲ.

ಧಾರವಾಡದ ಗಣಿತ ಶಿಕ್ಷಕಿ

ನಿಮ್ಮ ಆಕ್ಷೇಪ ಸರಿಯಾಗಿದೆ. ಆರಾಮವಾಗಿ ಕಟ್‌ಆಫ್ ದಾಟುತ್ತೇನೆ ಎನ್ನುವವರಿಗೆ ಕಣ್ಣುಮುಚ್ಚಿದ ಊಹೆಯಿಂದ ಏನೂ ಸಿಗುವುದಿಲ್ಲ, ಅಪಾಯ ಮಾತ್ರ ಹೆಚ್ಚುತ್ತದೆ. ಕಟ್‌ಆಫ್‌ಗಿಂತ ಕೆಳಗಿದ್ದೇನೆ ಎಂದು ಖಚಿತವಾಗಿ ತಿಳಿದವರಿಗೆ ಕಳೆದುಕೊಳ್ಳಲು ಏನೂ ಇಲ್ಲ. ಕಷ್ಟವೆಂದರೆ ಪರೀಕ್ಷೆಯ ಕೋಣೆಯಲ್ಲಿ ಕುಳಿತವರಿಗೆ ತಾವು ಎಲ್ಲಿದ್ದೇವೆ ಎಂದು ತಿಳಿಯುವುದಿಲ್ಲ. ಕಟ್‌ಆಫ್ ನಿರ್ಧಾರವಾಗುವುದು ಪರೀಕ್ಷೆ ಮುಗಿದ ಮೇಲೆ.

ಕಲಬುರಗಿ ಸಂಜೆ ಬ್ಯಾಚ್

ಅದಕ್ಕಾಗಿಯೇ ಸೇಫ್ ಅಟೆಂಪ್ಟ್ ಸಂಖ್ಯೆ ತಿಳಿದಿರಬೇಕು. ಗಣಿತದಲ್ಲಿ 25, ರೀಸನಿಂಗ್‌ನಲ್ಲಿ 28 ಮುಟ್ಟಿದ ತಕ್ಷಣ ನಿಲ್ಲಿಸಿ, ಮಾಡಿದ್ದನ್ನು ಪರಿಶೀಲಿಸಿ ಎಂದು ನಮ್ಮ ಬ್ಯಾಚ್‌ನಲ್ಲಿ ಹೇಳುತ್ತಾರೆ.

ಮಂಡ್ಯದ ಗುಮಾಸ್ತೆ

ಆ ಸಂಖ್ಯೆಗಳನ್ನು ನಂಬಿ ಕೈ ಕಟ್ಟಿ ಕೂರಬೇಡಿ. ಪರೀಕ್ಷೆ ಹಲವು ಪಾಳಿಗಳಲ್ಲಿ ನಡೆಯುತ್ತದೆ, ಒಂದು ಪಾಳಿಯ ಪತ್ರಿಕೆ ಇನ್ನೊಂದಕ್ಕಿಂತ ಕಠಿಣವಾಗಿರಬಹುದು, ಆದ್ದರಿಂದ ಪಾಳಿಗಳ ಅಂಕಗಳನ್ನು ಸರಿದೂಗಿಸಿ ಹೋಲಿಸುತ್ತಾರೆ. ಕಠಿಣ ಪಾಳಿಯಲ್ಲಿ 19 ಮಾಡಿದವರು ಸುಲಭ ಪಾಳಿಯಲ್ಲಿ 25 ಮಾಡಿದವರಿಗೆ ಸಮನಾಗಬಹುದು. ಅದಲ್ಲದೆ ಕ್ಲರ್ಕ್ ಹುದ್ದೆಯ ಕಟ್‌ಆಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇನ್ನು ಪರಿಶೀಲನೆಯ ವಿಷಯ: 20 ನಿಮಿಷದ ವಿಭಾಗದಲ್ಲಿ ಮಾಡಿದ ಲೆಕ್ಕವನ್ನು ಮತ್ತೆ ಮಾಡುವ ಸಮಯಕ್ಕೆ ಒಂದು ಹೊಸ ಪ್ರಶ್ನೆ ಬಿಡಿಸುವುದು ಲೇಸು.

ಕಲಬುರಗಿ ಸಂಜೆ ಬ್ಯಾಚ್

ಎಲ್ಲರ ವಿಷಯದಲ್ಲೂ ಹಾಗಲ್ಲ. ನನಗೆ ಪ್ರತಿ ಮಾಕ್‌ನಲ್ಲೂ ನಾಲ್ಕೈದು ತಪ್ಪುಗಳು ಆಗುವುದು ಪ್ರಶ್ನೆಯನ್ನು ಸರಿಯಾಗಿ ಓದದೆ. ಪರಿಶೀಲನೆಯಿಂದ ನನಗೆ ಅಂಕ ಬಂದಿದೆ.

ಮಂಡ್ಯದ ಗುಮಾಸ್ತೆ

ತಪ್ಪು ಓದಿನಿಂದಾಗಿದ್ದರೆ ಕೊನೆಯಲ್ಲಿ ಪರಿಶೀಲಿಸುವ ಬದಲು, ಉತ್ತರ ಗುರುತಿಸುವ ಮೊದಲು ಪ್ರಶ್ನೆಯ ಕೊನೆಯ ಸಾಲನ್ನು ಮತ್ತೊಮ್ಮೆ ಓದಿ. ಮೂರು ಸೆಕೆಂಡಿನ ಕೆಲಸ. ಬಡ್ಡಿ ಕೇಳಿದ್ದಾರೋ ಮೊತ್ತ ಕೇಳಿದ್ದಾರೋ ಎಂಬುದು ಅಲ್ಲೇ ಇರುತ್ತದೆ.

ರಾಣೆಬೆನ್ನೂರು ಹುಡುಗ

ಗಣಿತದ ಹಂಚಿಕೆಯನ್ನು ಬರೆದುಕೊಂಡೆ. ರೀಸನಿಂಗ್‌ನ ಪಜಲ್ ವಿಷಯ ಬಿಡಿಸಿ ಹೇಳುತ್ತೀರಾ ಸರ್? 35ರಲ್ಲಿ ಸುಮಾರು ಅರ್ಧದಷ್ಟು ಪ್ರಶ್ನೆಗಳು ಪಜಲ್ ಮತ್ತು ಕುಳಿತಿರುವ ಕ್ರಮದವೇ ಇರುತ್ತವೆ, ಪೂರ್ತಿ ಬಿಡಲೂ ಆಗುವುದಿಲ್ಲ. ಯಾವಾಗ ಬಿಡಬೇಕು ಎಂದು ತಿಳಿಯುವುದು ಹೇಗೆ?

ಮಂಡ್ಯದ ಗುಮಾಸ್ತೆ

ಒಂದು ಸಣ್ಣ ಪಜಲ್ ಬಿಡಿಸಿ ತೋರಿಸುತ್ತೇನೆ. ಎ, ಬಿ, ಸಿ, ಡಿ, ಇ, ಎಫ್, ಜಿ ಎಂಬ ಏಳು ಜನರು ಒಂದೇ ಸಾಲಿನಲ್ಲಿ ಉತ್ತರಕ್ಕೆ ಮುಖ ಮಾಡಿ ಕುಳಿತಿದ್ದಾರೆ. ಬಿ ಮತ್ತು ಇ ನಡುವೆ ಮೂವರು ಇದ್ದಾರೆ. ಜಿ, ಇಯ ಪಕ್ಕದಲ್ಲಿದ್ದಾರೆ. ಎ ಒಂದು ತುದಿಯಿಂದ ಮೂರನೆಯವರು. ಎ ಮತ್ತು ಡಿ ನಡುವೆ ಇಬ್ಬರಿದ್ದಾರೆ. ಸಿ, ಡಿಯ ಬಲಕ್ಕೆ ತಾಗಿ ಕುಳಿತಿದ್ದಾರೆ. ಬಿ ಒಂದು ತುದಿಯಲ್ಲಿದ್ದಾರೆ.

ಮೊದಲ ಹೇಳಿಕೆಯಿಂದಲೇ ಆರಂಭಿಸಿದರೆ ಬಿ ಮತ್ತು ಇ ಅವರನ್ನು ಕೂರಿಸಲು ಆರು ಬಗೆಗಳಿವೆ, ಅಲ್ಲೇ ಹಾಳೆ ತುಂಬುತ್ತದೆ. ಬದಲಾಗಿ, ಜಾಗವನ್ನು ನೇರವಾಗಿ ಹೇಳುವ ಸಾಲನ್ನು ಹುಡುಕಿ. ಎ ತುದಿಯಿಂದ ಮೂರನೆಯವರು ಎಂದರೆ ಎಡದಿಂದ 3 ಅಥವಾ 5ನೇ ಜಾಗ. ಎರಡು ಸಾಲು ಎಳೆದುಕೊಳ್ಳಿ. ಎ 3ರಲ್ಲಿದ್ದರೆ ಡಿ 6ರಲ್ಲಿ, ಸಿ 7ರಲ್ಲಿ. ಎ 5ರಲ್ಲಿದ್ದರೆ ಡಿ 2ರಲ್ಲಿ, ಸಿ 3ರಲ್ಲಿ. ಈಗ ಬಿ ತುದಿಯಲ್ಲಿದ್ದಾರೆ. ಮೊದಲ ಸಾಲಿನಲ್ಲಿ 7 ತುಂಬಿರುವುದರಿಂದ ಬಿ 1ರಲ್ಲಿ, ಮೂವರನ್ನು ಬಿಟ್ಟು ಇ 5ರಲ್ಲಿ, ಸರಿಹೋಗುತ್ತದೆ. ಎರಡನೇ ಸಾಲಿನಲ್ಲಿ ಬಿ 1ರಲ್ಲಿದ್ದರೆ ಇಗೆ 5 ಬೇಕು, ಅಲ್ಲಿ ಎ ಇದ್ದಾರೆ. ಬಿ 7ರಲ್ಲಿದ್ದರೆ ಇಗೆ 3 ಬೇಕು, ಅಲ್ಲಿ ಸಿ ಇದ್ದಾರೆ. ಆ ಸಾಲನ್ನು ಹೊಡೆದುಹಾಕಿ. ಜಿ, ಇಯ ಪಕ್ಕ ಎಂದರೆ 4, ಉಳಿದ ಎಫ್ 2ರಲ್ಲಿ. ಕ್ರಮ: ಬಿ, ಎಫ್, ಎ, ಜಿ, ಇ, ಡಿ, ಸಿ.

ಬಿಡುವ ಸಮಯ ತಿಳಿಯುವುದು ಹೀಗೆ. ಇಲ್ಲಿ ಎರಡು ಸಾಧ್ಯತೆಗಳು ಹುಟ್ಟಿ, ಮುಂದಿನ ಹೇಳಿಕೆಗಳಿಂದ ಒಂದಕ್ಕೆ ಇಳಿದವು. ಒಳ್ಳೆಯ ಪಜಲ್ ಹೀಗೆಯೇ ಕಿರಿದಾಗುತ್ತಾ ಹೋಗುತ್ತದೆ. ಅದರ ಬದಲು ಒಂದೂವರೆ ನಿಮಿಷ ಕಳೆದರೂ ಹಾಳೆಯ ಮೇಲೆ ಮೂರು ನಾಲ್ಕು ಸಾಲುಗಳು ಉಳಿದಿದ್ದು, ಪ್ರತಿ ಹೇಳಿಕೆಯೂ ಹೊಸ ಸಾಧ್ಯತೆಯನ್ನೇ ಸೇರಿಸುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ಎಲ್ಲ ಸಾಧ್ಯತೆಗಳೂ ಹೊಡೆದುಹೋದರೆ ಎಲ್ಲೋ ತಪ್ಪು ಓದಿದ್ದೀರಿ ಎಂದರ್ಥ. ಆಗಲೂ ಅದೇ ಪಜಲ್‌ನಲ್ಲಿ ತಪ್ಪು ಹುಡುಕುತ್ತಾ ಕೂರದೆ ಮುಂದಿನದಕ್ಕೆ ಹೋಗಿ. ನಿಮ್ಮ 6 ನಿಮಿಷದ ಮಹಡಿ ಪಜಲ್‌ನಲ್ಲಿ ಇವೆರಡರಲ್ಲಿ ಒಂದು ನಡೆದಿರುತ್ತದೆ.

ರಾಣೆಬೆನ್ನೂರು ಹುಡುಗ

ಹೌದು ಸರ್. ರಫ್ ಹಾಳೆ ತೆಗೆದು ನೋಡಿದೆ, ನಾಲ್ಕು ಮಹಡಿ ಚಿತ್ರಗಳಿದ್ದವು, ಒಂದೂ ಹೊಡೆದಿರಲಿಲ್ಲ.

ಶಿರಸಿ ಅಕ್ಷತಾ

ನಾನು ಪಜಲ್‌ಗಳನ್ನು ಮೊದಲೇ ಮುಗಿಸುತ್ತೇನೆ. ಆಗ ತಲೆ ಹಗುರವಾಗಿರುತ್ತದೆ. ಕೊನೆಯ ಐದು ನಿಮಿಷದಲ್ಲಿ ಪಜಲ್ ಓದಿದರೆ ಅಕ್ಷರಗಳೇ ತಲೆಗೆ ಹೋಗುವುದಿಲ್ಲ.

ಮಂಡ್ಯದ ಗುಮಾಸ್ತೆ

ನಾನು ಇದಕ್ಕೆ ವಿರುದ್ಧ. ಇನ್‌ಈಕ್ವಾಲಿಟಿ, ಸಿಲಾಜಿಸಂ, ಅಕ್ಷರ-ಅಂಕಿಗಳ ಸರಣಿ, ದಿಕ್ಕು, ರಕ್ತಸಂಬಂಧ, ಇವುಗಳಲ್ಲಿ ಸುಮಾರು 15 ಪ್ರಶ್ನೆಗಳು ಆರೇಳು ನಿಮಿಷದಲ್ಲಿ ಮುಗಿಯುತ್ತವೆ. ಅವು ಕೈಯಲ್ಲಿದ್ದ ಮೇಲೆ ಉಳಿದ 13 ನಿಮಿಷದಲ್ಲಿ ಮೂರು ಪಜಲ್‌ಗಳನ್ನು ಧೈರ್ಯವಾಗಿ ನೋಡಬಹುದು. ಮೊದಲ ಪಜಲ್‌ನಲ್ಲೇ ಸಿಕ್ಕಿಬಿದ್ದರೆ ಸುಲಭದ 15ಕ್ಕೂ ಅವಸರ ಹತ್ತುತ್ತದೆ.

ಶಿರಸಿ ಅಕ್ಷತಾ

ಎರಡು ಕ್ರಮಗಳನ್ನೂ ಮಾಕ್‌ಗಳಲ್ಲಿ ಹೋಲಿಸಿ ನೋಡಿದ್ದೇನೆ ಸರ್, ನನಗೆ ಪಜಲ್ ಮೊದಲು ಮಾಡಿದಾಗಲೇ ಹೆಚ್ಚು ಬರುತ್ತದೆ. ಆದರೆ ಮೊದಲ ಪಜಲ್ ನಾಲ್ಕು ನಿಮಿಷದಲ್ಲಿ ಆಗದಿದ್ದರೆ ಸಣ್ಣ ಪ್ರಶ್ನೆಗಳಿಗೆ ಹೊರಳುತ್ತೇನೆ.

ಧಾರವಾಡದ ಗಣಿತ ಶಿಕ್ಷಕಿ

ಇದರಲ್ಲಿ ಎಲ್ಲರಿಗೂ ಒಂದೇ ಉತ್ತರ ಇರಲಾರದು. ನನ್ನ ವಿದ್ಯಾರ್ಥಿಗಳಲ್ಲೂ ಎರಡೂ ಬಗೆಯವರು ಆಯ್ಕೆಯಾಗಿದ್ದಾರೆ. ಯಾವ ಕ್ರಮವಾದರೂ ಪರೀಕ್ಷೆಗೆ ಮೊದಲೇ ತೀರ್ಮಾನವಾಗಿರಬೇಕು.

ಯಾದಗಿರಿ ಕನ್ನಡ ಮಾಧ್ಯಮ

ಕನ್ನಡದಲ್ಲಿ ಬರೆಯುವವರಿಗೆ ಒಂದು ಮಾತು. 2021ರಲ್ಲಿ ಕೇಂದ್ರ ಹಣಕಾಸು ಸಚಿವಾಲಯದ ನಿರ್ಧಾರದ ನಂತರ ಕ್ಲರ್ಕ್ ಪರೀಕ್ಷೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ, ಅದರಲ್ಲಿ ಕನ್ನಡವೂ ಇದೆ. ಇಂಗ್ಲಿಷ್ ವಿಭಾಗ ಮಾತ್ರ ಇಂಗ್ಲಿಷ್‌ನಲ್ಲೇ ಇರುತ್ತದೆ. ನಾನು ಹೇಳಿಕೆ ಲೆಕ್ಕಗಳನ್ನು ಕನ್ನಡದಲ್ಲಿ ಬೇಗ ಓದುತ್ತೇನೆ, ಆದರೆ ಪಜಲ್‌ಗಳ ಕನ್ನಡ ಸಾಲುಗಳು ಉದ್ದವಾಗಿರುತ್ತವೆ, "ಎಡಕ್ಕೆ ಎರಡನೆಯವರು ಯಾರಿಗೆ" ಎಂದು ಎರಡು ಬಾರಿ ಓದಬೇಕಾಗುತ್ತದೆ. ಮಾಕ್‌ಗಳನ್ನು ಇಂಗ್ಲಿಷ್‌ನಲ್ಲಿ ಬರೆದು ಪರೀಕ್ಷೆಯನ್ನು ಕನ್ನಡದಲ್ಲಿ ಬರೆದರೆ ಅಲ್ಲಿ ಹೊಸದಾಗಿ ನಿಧಾನವಾಗುತ್ತದೆ. ಯಾವ ಭಾಷೆಯಲ್ಲಿ ಬರೆಯುತ್ತೀರೋ ಅದರಲ್ಲೇ ಅಭ್ಯಾಸ ಮಾಡಿ. ಕನ್ನಡದ ಮಾಕ್‌ಗಳು ಇನ್ನೂ ಸಾಕಷ್ಟು ಸಿಗುತ್ತಿಲ್ಲ ಎಂಬುದು ನಿಜವಾದ ಕೊರತೆ.

ಹೊಸಪೇಟೆ ನಿವಾಸಿ

ಪಿಡಿಒ ಬಗ್ಗೆ ಬೇರೆ ಚರ್ಚೆ ಆರಂಭಿಸಿದ್ದೇನೆ, ಆಸಕ್ತರು ಅಲ್ಲಿಗೆ ಬನ್ನಿ.

ಬೆಂಗಳೂರು ಟೆಸ್ಟರ್

ಪರದೆಯ ಮೇಲಿನ ಬಟನ್‌ಗಳಿಂದಲೂ ಅಂಕ ಹೋಗುವುದುಂಟೇ? ನನ್ನ ತಂಗಿ ಈ ಬಾರಿ ಬರೆಯುತ್ತಿದ್ದಾಳೆ, ಅವಳ ಪರವಾಗಿ ಕೇಳುತ್ತಿದ್ದೇನೆ.

ಮಂಡ್ಯದ ಗುಮಾಸ್ತೆ

ಹೋಗುತ್ತದೆ. ಆಯ್ಕೆಯನ್ನು ಗುರುತಿಸಿ `Save & Next` ಒತ್ತದೆ, ಬಲಗಡೆಯ ಸಂಖ್ಯೆಯ ಮೇಲೆ ಒತ್ತಿ ಬೇರೆ ಪ್ರಶ್ನೆಗೆ ಹಾರಿದರೆ ಆ ಉತ್ತರ ಉಳಿಯುವುದಿಲ್ಲ. ನಾನು ಮೇಲೆ ಹೇಳಿದಂತೆ ಗುಂಪಿನಿಂದ ಗುಂಪಿಗೆ ಹಾರುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ಉತ್ತರ ಗುರುತಿಸಿ `Mark for Review & Next` ಒತ್ತಿದರೆ ಆ ಉತ್ತರ ಮೌಲ್ಯಮಾಪನಕ್ಕೆ ಹೋಗುತ್ತದೆ, ಆದ್ದರಿಂದ ಅನುಮಾನವಿದೆ ಎಂದು ಗುರುತು ಮಾತ್ರ ಇಡಬೇಕಿದ್ದರೆ ಆಯ್ಕೆಯನ್ನು ಮುಟ್ಟಬೇಡಿ. ತಪ್ಪಿ ಮುಟ್ಟಿದ್ದರೆ `Clear Response` ಇದೆ. ಪ್ರವೇಶಪತ್ರದ ಜೊತೆ ಬರುವ ಮಾಹಿತಿ ಪುಸ್ತಿಕೆಯಲ್ಲಿ ಬಟನ್‌ಗಳ ವಿವರ ಇರುತ್ತದೆ, ತಂಗಿಗೆ ಅದನ್ನು ಓದಲು ಹೇಳಿ.

ರಾಣೆಬೆನ್ನೂರು ಹುಡುಗ

ಒಂದು ಕೊನೆಯ ಪ್ರಶ್ನೆ. ನೀವು ಸೀರೀಸ್‌ಗೆ 3 ನಿಮಿಷ ಕೊಟ್ಟಿದ್ದೀರಿ. ನನಗೆ ಕೆಲವೊಮ್ಮೆ ಒಂದೇ ಸರಣಿಗೆ ಎರಡು ನಿಮಿಷ ಹೋಗುತ್ತದೆ, ಇನ್ನೇನು ಸಿಕ್ಕಿತು ಎನ್ನಿಸುತ್ತಲೇ ಇರುತ್ತದೆ. ಅದನ್ನು ಡೇಟಾ ಇಂಟರ್‌ಪ್ರಿಟೇಶನ್ ನಂತರಕ್ಕೆ ಹಾಕಿಕೊಳ್ಳಲೇ?

ಧಾರವಾಡದ ಗಣಿತ ಶಿಕ್ಷಕಿ

ಮೊದಲೇ ಇರಲಿ, ಆದರೆ ಪ್ರತಿ ಸರಣಿಗೂ ಎರಡೇ ಪರೀಕ್ಷೆ ಮಾಡಿ. 7, 8, 18, 57, 232, ? ಎಂದು ಕೊಟ್ಟಿದ್ದಾರೆ ಎನ್ನಿ. ಮೊದಲು ವ್ಯತ್ಯಾಸಗಳು: 1, 10, 39, 175. ಏನೂ ಹೊಳೆಯದಿದ್ದರೆ ಎಷ್ಟು ಪಟ್ಟು ಎಂದು ನೋಡಿ. 57ರಿಂದ 232ಕ್ಕೆ ನಾಲ್ಕು ಪಟ್ಟು ಮತ್ತು 4, 18ರಿಂದ 57ಕ್ಕೆ ಮೂರು ಪಟ್ಟು ಮತ್ತು 3. ಹಾಗಾದರೆ ಮುಂದಿನದು 232ರ ಐದು ಪಟ್ಟಿಗೆ 5 ಸೇರಿಸಿ 1165. ದೊಡ್ಡ ಸಂಖ್ಯೆಗಳ ಕಡೆಯಿಂದ ನೋಡಿದರೆ ಪಟ್ಟು ಬೇಗ ಕಾಣುತ್ತದೆ. ಈ ಎರಡು ಪರೀಕ್ಷೆಗಳಿಗೆ 40 ಸೆಕೆಂಡು ಸಾಕು, ಎರಡರಲ್ಲೂ ಸಿಗದಿದ್ದರೆ ಆ ಸರಣಿಯನ್ನು ಬಿಟ್ಟುಬಿಡಿ.

ಡೇಟಾ ಇಂಟರ್‌ಪ್ರಿಟೇಶನ್ ವಿಷಯದಲ್ಲಿ ಮಾತ್ರ ಗುಂಪಿನ ಮೊದಲ ಪ್ರಶ್ನೆಯನ್ನು ಓದಿ ನಿರ್ಧರಿಸಿ. ಕೋಷ್ಟಕದ ಸಂಖ್ಯೆಗಳಿಂದ ನೇರವಾಗಿ ಅನುಪಾತ ಅಥವಾ ಶೇಕಡಾವಾರು ಕೇಳಿದ್ದರೆ ಕುಳಿತು ಐದನ್ನೂ ಮುಗಿಸಿ. ಕೋಷ್ಟಕದಲ್ಲೇ ಖಾಲಿ ಜಾಗಗಳಿದ್ದು, ಅವನ್ನು ಮೊದಲು ಕಂಡುಹಿಡಿಯಬೇಕಾಗಿದ್ದರೆ ಹೇಳಿಕೆ ಲೆಕ್ಕಗಳ ನಂತರಕ್ಕೆ ಇಟ್ಟುಕೊಳ್ಳಿ.

ರಾಣೆಬೆನ್ನೂರು ಹುಡುಗ

ಭಾನುವಾರ ಮುಂದಿನ ಮಾಕ್ ಇದೆ. ಬಗೆವಾರು ಸಮಯವನ್ನು ಅಂದು ಸಂಜೆ ಇಲ್ಲೇ ಹಾಕುತ್ತೇನೆ. ಪಜಲ್‌ಗಳನ್ನು ಸದ್ಯಕ್ಕೆ ಮಂಡ್ಯದ ಸರ್ ಹೇಳಿದಂತೆ ಕೊನೆಗೆ ಇಡುತ್ತೇನೆ, ಅದರ ಮುಂದಿನದರಲ್ಲಿ ಅಕ್ಷತಾ ಅವರ ಕ್ರಮವನ್ನೂ ನೋಡುತ್ತೇನೆ.